ಕಾರ್ಖಾನೆಯ ಬಾಗಿಲಲ್ಲಿ ಕನ್ನಡದ ಸ್ವಾಗತ

ಹಿರಿಯೂರಿನಿಂದ ಬಬ್ಬೂರಿನ ಕಡೆಗೆ ಬರುವವರ ಕಣ್ಣಿಗೆ ತೆಂಗಿನ ತೋಟಗಳು ಬೀಳುತ್ತವೆ. 1907ರಲ್ಲಿ ಕಟ್ಟಿ ಮುಗಿಸಿದ ವಾಣೀವಿಲಾಸ ಸಾಗರದ ನೀರು ಮಳೆ ಕಡಮೆಯಾದ ಈ ಸೀಮೆಯಲ್ಲಿ ಅವುಗಳಿಗೆ ಆಸರೆಯಾಯಿತು. ಕಾಯಿ ಸಂತೆಗೆ ಹೋದಮೇಲೆ ಉಳಿಯುವುದು ಮಟ್ಟೆ. ಮಟ್ಟೆಯಿಂದ ನಾರು ತೆಗೆದಮೇಲೆ ಉಳಿಯುವುದು ಹುಡಿ. ಒಂದು ಕಾಲಕ್ಕೆ ದಾರಿಬದಿಯಲ್ಲಿ ಗುಡ್ಡೆಯಾಗಿ ಬಿದ್ದಿರುತ್ತಿದ್ದ ಆ ಹುಡಿಯನ್ನು ಇಂದು ತೊಳೆದು, ಒಣಗಿಸಿ, ಐದೈದು ಕಿಲೋ ತೂಕದ ಇಟ್ಟಿಗೆಗಳಾಗಿ ಒತ್ತಿ ಹಡಗಿನಲ್ಲಿ ಹೊರದೇಶಗಳಿಗೆ ಕಳುಹಿಸುತ್ತಾರೆ. ಅಲ್ಲಿ ಗಾಜಿನ ಮನೆಗಳೊಳಗೆ ಟೊಮ್ಯಾಟೊ, ಸೌತೆಗಳು ಮಣ್ಣಿಗೆ ಬದಲಾಗಿ ಈ ಹುಡಿಯಲ್ಲಿ ಬೇರೂರುತ್ತವೆ.

ಈಚೆಗೆ ಇಂಥ ಒಂದು ಸಣ್ಣ ಕಾರ್ಖಾನೆಯ ಯಜಮಾನರು ನನ್ನಲ್ಲಿಗೆ ಬಂದರು. “ಮೇಷ್ಟ್ರೇ, ಹೊರದೇಶದಿಂದ ನಾಲ್ವರು ಗಿರಾಕಿಗಳು ಕಾರ್ಖಾನೆ ನೋಡಲು ಬರುತ್ತಿದ್ದಾರೆ. ದುಭಾಷಿಯೊಬ್ಬರು ಜತೆಯಲ್ಲಿರುತ್ತಾರೆ. ಸ್ವಾಗತ ಭಾಷಣ ಕನ್ನಡದಲ್ಲೇ ಇರಲಿ. ನಮ್ಮ ಕೆಲಸದವರಿಗೂ ಅರ್ಥವಾಗಬೇಕು. ಒಂದು ಪುಟ ಬರೆದುಕೊಡಿ” ಎಂದರು. ಕನ್ನಡ ಪಾಠ ಹೇಳಿ ತಲೆ ನರೆತವನಿಗೆ ಒಂದು ಪುಟ ಯಾವ ಮಹಾ ಕೆಲಸ ಎಂದುಕೊಂಡು ಒಪ್ಪಿದೆ. ಬರೆದದ್ದನ್ನು ಯಜಮಾನರು ತಮ್ಮ ಲೆಕ್ಕಪತ್ರದವರ ಮುಂದಿಟ್ಟರು. ಅವರು ನಾಲ್ಕು ಕಡೆ ಕೆಂಪು ಗೆರೆ ಎಳೆದರು. ವ್ಯಾಕರಣದಲ್ಲಿ ತಪ್ಪಿರಲಿಲ್ಲ, ವ್ಯಾಪಾರದಲ್ಲಿ ತಪ್ಪಿತ್ತು.

ಮೊದಲನೆಯದು, “ತಮ್ಮ ಬ್ಯಾಂಕಿನ ಸಾಲಪತ್ರ ನಮಗೆ ತಲುಪಿದೆ” ಎಂಬ ವಾಕ್ಯ. ‘ಲೆಟರ್ ಆಫ್ ಕ್ರೆಡಿಟ್’ ಎಂಬುದನ್ನು ನಾನು ಹಾಗೆ ಕನ್ನಡಿಸಿದ್ದೆ. ಆದರೆ ಸಾಲಪತ್ರವೆಂದರೆ ಕಂಪನಿಯೋ ಸರ್ಕಾರವೋ ಜನರಿಂದ ಸಾಲ ಎತ್ತಿ ಬರೆದುಕೊಡುವ ಪತ್ರ. ಅಂಗಡಿಯವರ ‘ಉದ್ದರಿ’ ಎಂಬ ಮಾತೂ ಇಲ್ಲಿ ಸಲ್ಲದು. ಇಲ್ಲಿ ನಡೆಯುವುದೇ ಬೇರೆ: ಕೊಳ್ಳುವವನ ಬ್ಯಾಂಕು, ಹೇಳಿದ ದಾಖಲೆಗಳನ್ನು ಹೇಳಿದ ದಿನದೊಳಗೆ ಒಪ್ಪಿಸಿದರೆ ತಾನೇ ಹಣ ಕೊಡುವೆನೆಂದು ಮಾತು ಕೊಡುತ್ತದೆ. ಬ್ಯಾಂಕು ಸರಕನ್ನು ಮುಟ್ಟಿ ನೋಡುವುದಿಲ್ಲ; ಕಾಗದವನ್ನು ಮಾತ್ರ ನೋಡುತ್ತದೆ. ಕಾಗದದಲ್ಲಿ ಒಂದು ತೂಕ ತಪ್ಪಿದರೂ ಹಣ ನಿಂತುಹೋಗಬಹುದು. ‘ಹೊಣೆಪತ್ರ’ ಎನ್ನೋಣವೆಂದೆ. ಅದನ್ನು ಬ್ಯಾಂಕ್ ಗ್ಯಾರಂಟಿ ಎಂದು ತಿಳಿದುಕೊಂಡಾರು, ಅದು ಇನ್ನೊಂದೇ ವ್ಯವಹಾರ ಎಂದರು ಲೆಕ್ಕದವರು. ಕೊನೆಗೆ ಲೆಟರ್ ಆಫ್ ಕ್ರೆಡಿಟ್ ಎಂದೇ ಉಳಿಸಿದೆವು. ತಪ್ಪು ಕನ್ನಡಕ್ಕಿಂತ ಸರಿಯಾದ ಎರವಲು ಮೇಲಲ್ಲವೆ?

ಎರಡನೆಯದು, “ನವೆಂಬರ್ ಕೊನೆಗೆ ಸರಕನ್ನು ತಲುಪಿಸುತ್ತೇವೆ” ಎಂಬುದು. ಕರಾರಿನಲ್ಲಿ ಬೆಲೆಯನ್ನು ‘ಎಫ್.ಓ.ಬಿ. ಚೆನ್ನೈ’ ಎಂದು ಗೊತ್ತುಮಾಡಿತ್ತು. ಸರಕನ್ನು ಚೆನ್ನೈ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚೂ ನಷ್ಟದ ಭಯವೂ ಮಾರುವವರದು, ಅಲ್ಲಿಂದ ಮುಂದಿನದು ಕೊಳ್ಳುವವರದು ಎಂದು ಅದರ ತಾತ್ಪರ್ಯ. ‘ತಲುಪಿಸುತ್ತೇವೆ’ ಎಂದರೆ ಅವರ ಊರಿನ ಬಂದರಿಗೆ ಮುಟ್ಟಿಸುವ ಹೊಣೆಯನ್ನೂ ಯಜಮಾನರು ಹೊತ್ತಂತೆ ಕೇಳುತ್ತದೆ. ಸಮುದ್ರದ ಮೇಲೆ ಕಳೆಯುವ ವಾರಗಳ ಲೆಕ್ಕವೂ ಅದರೊಳಗೆ ಸೇರಿಬಿಡುತ್ತದೆ. “ಹಡಗಿಗೆ ಏರಿಸುತ್ತೇವೆ” ಎಂದು ತಿದ್ದಿದೆವು. ಕ್ರಿಯಾಪದವೊಂದು ಬದಲಾಯಿತು, ಅದರೊಡನೆ ಒಂದು ಸಮುದ್ರದ ಭಾರ ಇಳಿಯಿತು.

ಮೂರನೆಯ ಗೆರೆ ಬಿದ್ದದ್ದು ನನಗೆ ಅತ್ಯಂತ ನಿರುಪದ್ರವಿಯಾಗಿ ಕಂಡಿದ್ದ ‘ತೊಳೆದ’ ಎಂಬ ವಿಶೇಷಣಕ್ಕೆ. ತೆಂಗಿನ ಹುಡಿಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಲವಣಗಳಿರುತ್ತವೆ. ಸಿಹಿನೀರಿನಲ್ಲಿ ತೊಳೆದರೆ ನೀರಿನಲ್ಲಿ ಕರಗುವ ಪಾಲು ಹೋಗುತ್ತದೆ. ಹುಡಿಯ ಕಣಕ್ಕೆ ಅಂಟಿಕೊಂಡ ಪಾಲು ಹೋಗುವುದಿಲ್ಲ. ಅಂಥ ಹುಡಿಯಲ್ಲಿ ಗಿಡ ನೆಟ್ಟರೆ, ಹುಡಿಯು ಗೊಬ್ಬರದ ನೀರಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತಾನೇ ಹಿಡಿದುಕೊಂಡು ಅವುಗಳ ಬದಲಿಗೆ ಪೊಟ್ಯಾಸಿಯಂ, ಸೋಡಿಯಂಗಳನ್ನು ಬಿಟ್ಟುಕೊಡುತ್ತದೆ, ಗಿಡ ಸೊರಗುತ್ತದೆ. ಇದಕ್ಕಾಗಿ ಹುಡಿಯನ್ನು ಮೊದಲೇ ಕ್ಯಾಲ್ಸಿಯಂ ನೈಟ್ರೇಟಿನ ದ್ರಾವಣದಲ್ಲಿ ನೆನೆಸಿ, ಮತ್ತೆ ತೊಳೆಯುತ್ತಾರೆ. ಇದಕ್ಕೆ ವ್ಯಾಪಾರದಲ್ಲಿ ‘ಬಫರ್’ ಮಾಡುವುದೆಂದು ಹೆಸರು. ತೊಳೆದ ಹುಡಿಗೂ ಬಫರ್ ಮಾಡಿದ ಹುಡಿಗೂ ಬೆಲೆ ಬೇರೆ. ಬಂದವರು ಕೊಳ್ಳಲಿದ್ದದ್ದು ಎರಡನೆಯದು. ನಾನು ಮೊದಲನೆಯದನ್ನು ಬರೆದಿದ್ದೆ.

ಅದೇ ವಾಕ್ಯದಲ್ಲಿ “ಉಪ್ಪಿನ ಅಂಶವೇ ಇಲ್ಲ” ಎಂದೂ ಹೊಗಳಿದ್ದೆ. ಉಪ್ಪನ್ನು ಇಲ್ಲಿ ನಾಲಗೆಯಿಂದ ತಿಳಿಯುವುದಿಲ್ಲ. ಹುಡಿಯನ್ನು ನೀರಿನಲ್ಲಿ ಕಲಸಿ, ಆ ನೀರಿನಲ್ಲಿ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆಂದು ಅಳೆಯುತ್ತಾರೆ. ಇದು ವಿದ್ಯುದ್ವಾಹಕತೆ. ಸೆಂಟಿಮೀಟರಿಗೆ 0.5 ಮಿಲಿಸೀಮೆನ್ಸಿಗಿಂತ ಕಡಮೆಯೆಂಬುದು ಸಾಮಾನ್ಯವಾಗಿ ಕೇಳುವ ಮಿತಿ. ಆದರೆ ನೀರು ಹೆಚ್ಚು ಬೆರೆಸಿದಷ್ಟೂ ಅಂಕಿ ಇಳಿಯುವುದರಿಂದ, ಒಂದು ಪಾಲು ಹುಡಿಗೆ ಎಷ್ಟು ಪಾಲು ನೀರು ಎಂಬುದನ್ನು ಹೇಳದೆ ಅಂಕಿಯನ್ನು ಹೇಳಿದರೆ ಅದು ಅರ್ಧ ಸತ್ಯ. ಆ ವಿವರ ಕರಾರಿನ ಗುಣಮಟ್ಟದ ಪಟ್ಟಿಯಲ್ಲಿತ್ತು. ಭಾಷಣದಲ್ಲಿ ಅಂಕಿಯನ್ನು ಬಿಟ್ಟು ಪಟ್ಟಿಯನ್ನು ಹೆಸರಿಸಿದೆವು.

ನಾಲ್ಕನೆಯದು ಉತ್ಸಾಹದ ತಪ್ಪು. “ಪ್ರತಿ ಇಟ್ಟಿಗೆಗೂ ನಮ್ಮ ಖಾತರಿ” ಎಂದಿದ್ದೆ. ‘ಭರವಸೆ’ ಎಂದರೆ ಮನಸ್ಸಿನ ಮಾತು. ‘ಖಾತರಿ’ ಎಂದರೆ ತಪ್ಪಿದಲ್ಲಿ ತೆತ್ತುಕೊಡುವ ಮಾತು. ಕರಾರು ಒಪ್ಪಿದ್ದುದು ಪ್ರತಿ ತಂಡದಿಂದಲೂ ಕೆಲವು ಇಟ್ಟಿಗೆಗಳನ್ನು ತೆಗೆದು ಪರೀಕ್ಷಿಸುವುದನ್ನೇ ಹೊರತು ಪ್ರತಿಯೊಂದನ್ನೂ ಅಲ್ಲ.

ಹೀಗೆ ತಿದ್ದಿದ ಮೇಲೆ ಉಳಿದ ಭಾಷಣ ಇದು. ವಾಕ್ಯಗಳು ಚಿಕ್ಕವಾಗಿರುವುದು ದುಭಾಷಿಗಾಗಿ. ಒಂದೊಂದು ವಾಕ್ಯವೂ ಮುಗಿದಮೇಲೆ ಅವರಿಗೆ ಬಿಡುವು ಬೇಕು.

“ದೂರದಿಂದ ಬಂದ ಅತಿಥಿಗಳೇ, ಕಾರ್ಖಾನೆಯ ಬಂಧುಗಳೇ, ಎಲ್ಲರಿಗೂ ನಮಸ್ಕಾರ. ತಾವು ನಮ್ಮ ಸರಕನ್ನು ಕೊಳ್ಳುವವರು. ಇಂದು ನಮ್ಮ ಮನೆಗೆ ಬಂದ ನೆಂಟರು. ತಾವು ಮೊದಲು ನೋಡುವುದು ಮಟ್ಟೆಯ ರಾಶಿ. ಅದು ಈ ಸುತ್ತಿನ ರೈತರ ತೋಟಗಳಿಂದ ಬಂದದ್ದು. ಎರಡನೆಯದಾಗಿ ನೋಡುವುದು ತೊಳೆಯುವ ತೊಟ್ಟಿಗಳು. ಮೂರನೆಯದು ಬಫರ್ ಮಾಡುವ ತೊಟ್ಟಿಗಳು. ತಾವು ಕೇಳಿರುವ ಹುಡಿ ಈ ಎರಡನ್ನೂ ದಾಟಿ ಬರುತ್ತದೆ. ಪ್ರತಿ ತಂಡದ ಮಾದರಿಯನ್ನೂ ಕರಾರಿನ ಗುಣಮಟ್ಟದ ಪಟ್ಟಿಯಂತೆ ಪರೀಕ್ಷಿಸುತ್ತೇವೆ. ಪರೀಕ್ಷೆಯ ಪುಸ್ತಕ ತಮ್ಮ ಮುಂದೆ ತೆರೆದಿದೆ. ತಮ್ಮ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ನಮ್ಮ ಬ್ಯಾಂಕಿಗೆ ಬಂದಿದೆ. ಮೊದಲ ಸರಕನ್ನು ನವೆಂಬರ್ ಕೊನೆಯೊಳಗೆ ಚೆನ್ನೈಯಲ್ಲಿ ಹಡಗಿಗೆ ಏರಿಸುತ್ತೇವೆ. ಕೊರತೆ ಕಂಡರೆ ದಯವಿಟ್ಟು ಇಲ್ಲಿಯೇ ಹೇಳಿ. ಹಡಗು ಹೊರಟಮೇಲೆ ಕೇಳುವುದಕ್ಕಿಂತ ಇಂದು ಕೇಳುವುದು ನಮಗೆ ಹಿತ. ನೋಡಿ ಮುಗಿದಮೇಲೆ ನಮ್ಮೊಡನೆ ಊಟ ಮಾಡಬೇಕೆಂದು ಪ್ರಾರ್ಥನೆ.”

ಆ ದಿನ ಯಜಮಾನರು ಇದನ್ನು ನಿಧಾನವಾಗಿ ಓದಿದರು. ಬಂದವರಲ್ಲಿ ಹಿರಿಯರೊಬ್ಬರು, ಊಟದ ಮಾತು ಬರುವ ಮೊದಲೇ, ಪರೀಕ್ಷೆಯ ಪುಸ್ತಕ ಎಲ್ಲಿದೆ ಎಂದು ಕೇಳಿದರು. ತೊಟ್ಟಿಯ ಬಳಿ ನಿಂತಿದ್ದ ಹೆಣ್ಣುಮಗಳೊಬ್ಬಳು, ದುಭಾಷಿ ಬಾಯಿ ತೆರೆಯುವ ಮುಂಚೆಯೇ, ಅದನ್ನು ತಂದು ಮೇಜಿನ ಮೇಲಿಟ್ಟಳು. ಭಾಷಣ ಅವಳಿಗೂ ತಿಳಿದಿತ್ತು.