ಗಾಳಿ ಬರಲಿ, ಕಣ್ಣು ಬೀಳದಿರಲಿ

ಬೆಂಗಳೂರಿನ 30-40 ಸೈಟುಗಳಲ್ಲಿ ಒಂದು ಮನೆಯ ಬಚ್ಚಲಿಗೂ ಪಕ್ಕದ ಮನೆಯ ಮೆಟ್ಟಿಲಿಗೂ ನಡುವೆ ಎಷ್ಟೋ ಕಡೆ ಕೆಲವೇ ಅಡಿಯ ಓಣಿ ಇರುತ್ತದೆ. ಕಿಟಕಿ ತೆರೆದರೆ ಮೆಟ್ಟಿಲು ಹತ್ತುವವರಿಗೆ ಒಳಗೆಲ್ಲ ಕಾಣುತ್ತದೆ. ಸದಾ ಮುಚ್ಚಿಟ್ಟರೆ ತಾರಸಿಯ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಬಚ್ಚಲಿನ ಹೊರಗೋಡೆಯಲ್ಲಿ ಕನಿಷ್ಠ 0.37 ಚದರ ಮೀಟರ್ ತೆರಪು ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಅಂದರೆ ಸುಮಾರು 4 ಚದರ ಅಡಿ. ಎರಡಡಿ ಅಗಲ, ಎರಡಡಿ ಎತ್ತರದ ವೆಂಟಿಲೇಟರ್ ಇದ್ದರೆ ಲೆಕ್ಕ ಸರಿಹೋಯಿತು ಅನ್ನಿಸುತ್ತದೆ. ಆದರೆ ಅದಕ್ಕೆ ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಕೂರಿಸಿದರೆ ಒಂದು ಗಾಜು ಇನ್ನೊಂದರ ಹಿಂದೆ ಸರಿಯುವುದರಿಂದ ಗಾಳಿಗೆ ಸಿಗುವುದು ಅರ್ಧ ಮಾತ್ರ. ಲೂವರ್ ಕಿಟಕಿಯಲ್ಲಿ ಹೀಗಾಗುವುದಿಲ್ಲ. ಅಡ್ಡ ಪಟ್ಟಿಗಳನ್ನು ಮಲಗಿಸಿದರೆ ಹೆಚ್ಚುಕಡಿಮೆ ಇಡೀ ಚೌಕಟ್ಟು ತೆರೆದುಕೊಳ್ಳುತ್ತದೆ.

ಪಟ್ಟಿಗಳ ಹೊರ ಅಂಚು ಕೆಳಮುಖವಾಗಿರಬೇಕು. ಮಳೆನೀರು ಆಚೆ ಜಾರುವುದು ಒಂದು ಲಾಭ. ಇನ್ನೊಂದು, ಎದುರಿನ ಮೆಟ್ಟಿಲ ಮೇಲಿಂದ ನೋಡುವವರ ದೃಷ್ಟಿಗೆ ಪಟ್ಟಿಗಳೇ ಅಡ್ಡವಾಗುತ್ತವೆ. ಕೆಳಗಿನ ಓಣಿಯಿಂದ ತಲೆಯೆತ್ತಿದವರಿಗೆ ಕಾಣುವುದು ತಾರಸಿ. ತೊಂದರೆ ಇರುವುದು ಸರಿಸಮ ಎತ್ತರದಲ್ಲಿ ನಿಂತವರಿಂದ. ನಾಲ್ಕು ಇಂಚಿನ ಪಟ್ಟಿಗಳನ್ನು ಮೂರೂವರೆ ಇಂಚಿಗೊಂದರಂತೆ ಜೋಡಿಸಿದ್ದರೆ, 45 ಡಿಗ್ರಿ ಓರೆಯಲ್ಲೂ ನಡುವೆ ಮುಕ್ಕಾಲು ಇಂಚಿನಷ್ಟು ಸಂದು ಉಳಿಯುತ್ತದೆ. ಅದು ಮುಚ್ಚಬೇಕಾದರೆ ಓರೆಯನ್ನು 60 ಡಿಗ್ರಿ ದಾಟಿಸಬೇಕು. ಆಗ ಗಾಳಿಯ ದಾರಿಯೂ ಕಿರಿದಾಗುತ್ತದೆ.

ಪಟ್ಟಿಗೆ ಮಸುಕು ಗಾಜು ಹಾಕುವುದು ವಾಡಿಕೆ. ಮರಳು ಸಿಡಿಸಿಯೋ ಆಮ್ಲದಿಂದಲೋ ಗಾಜಿನ ಒಂದು ಮೈಯನ್ನು ತರಿತರಿ ಮಾಡಿರುತ್ತಾರೆ. ಬೆಳಕು ಅಲ್ಲಿ ಚದುರಿ ಹೋಗುವುದರಿಂದ ಆಚೆಯ ರೂಪ ಮಸುಕಾಗುತ್ತದೆ. ಆ ತರಿಗಳಲ್ಲಿ ನೀರು ತುಂಬಿದರೆ ಚದುರುವುದು ಕಡಿಮೆಯಾಗಿ ಗಾಜು ತಿಳಿಯಾಗುತ್ತದೆ. ಆದ್ದರಿಂದ ಶವರಿನ ಹನಿ ಬೀಳುವ ಕಡೆಗೆ ನುಣುಪು ಮೈ ಇರಬೇಕು. ರಾತ್ರಿಯ ಕಥೆಯೇ ಬೇರೆ. ಒಳಗೆ ದೀಪ ಉರಿಯುವಾಗ ಗಾಜಿಗೆ ಹತ್ತಿರ ನಿಂತವರ ಆಕಾರ ಹೊರಗೆ ಎದ್ದು ಕಾಣುತ್ತದೆ, ದೂರ ಸರಿದಷ್ಟೂ ಕರಗುತ್ತದೆ. ಹಾಗಾಗಿ ಶವರನ್ನು ಕಿಟಕಿಯ ಗೋಡೆಗೇ ಕೂರಿಸದಿರುವುದು ಲೇಸು. ಒಬ್ಬರು ಒಳಗೆ ನಿಂತು, ಇನ್ನೊಬ್ಬರು ಕತ್ತಲಲ್ಲಿ ಹೊರಗಿನಿಂದ ನೋಡಿದರೆ ಅನುಮಾನ ಪರಿಹಾರವಾಗುತ್ತದೆ.

ಇದೇ ಚೌಕಟ್ಟಿನಲ್ಲಿ ಎಕ್ಸಾಸ್ಟ್ ಫ್ಯಾನ್ ಕೂರಿಸುವಾಗ ಹಲವರು ಎಡವುತ್ತಾರೆ. ಪಕ್ಕದ ಪಟ್ಟಿಗಳು ತೆರೆದಿದ್ದರೆ ಫ್ಯಾನು ಆ ಸಂದಿನಿಂದಲೇ ಹೊರಗಾಳಿ ಎಳೆದು ಮತ್ತೆ ಹೊರಗೆ ತಳ್ಳುತ್ತದೆ. ಒಳಗಿನ ಹಬೆ ಇದ್ದಲ್ಲೇ ಉಳಿಯುತ್ತದೆ. ಫ್ಯಾನು ತಿರುಗುವಾಗ ಪಟ್ಟಿಗಳನ್ನು ಮುಚ್ಚಿ, ಗಾಳಿ ಬರಲು ಬಾಗಿಲ ಕೆಳಗೆ ಅರ್ಧ ಇಂಚಿಗಿಂತ ತುಸು ಹೆಚ್ಚು ಸಂದು ಬಿಡಬೇಕು. ಬಾಗಿಲು ಹಾಕಿ ಆ ಸಂದಿನ ಹೊರಗೆ ತೆಳು ಕಾಗದದ ಚೂರು ಹಿಡಿದಾಗ ಅದು ಒಳಕ್ಕೆ ಬಾಗಿದರೆ ಗಾಳಿ ಸರಿಯಾದ ದಾರಿಯಲ್ಲಿ ಹರಿಯುತ್ತಿದೆ ಎಂದರ್ಥ.