ಹೊರಗೆ ನಿಂತ ಹಡಗು, ಒಳಗೆ ತುಂಬಿದ ಯಾರ್ಡು

ಬಂದರಿನಾಚೆ ಲಂಗರು ಹಾಕಿ ದಿನಗಟ್ಟಲೆ ನಿಂತಿರುವ ಹಡಗುಗಳನ್ನು ಕಂಡವರು, ಒಳಗೆ ಬರ್ತುಗಳು ಸಾಲದಾಗಿವೆಯೆಂದೋ ಕ್ರೇನುಗಳು ಮಂದಗತಿಯವೆಂದೋ ಊಹಿಸುವುದು ಸಹಜವೇ ಆದರೂ, ಕಂಟೇನರು ಬಂದರುಗಳಲ್ಲಿ ಈ ವಿಳಂಬದ ಮೂಲವು ಅನೇಕ ವೇಳೆ ಧಕ್ಕೆಯ ಹಿಂಬದಿಯ ಯಾರ್ಡಿನಲ್ಲಿ ಅಡಗಿರುತ್ತದೆ.

ಬರ್ತಿನ ಯೋಜಕನು ಹಡಗಿನ ಉದ್ದ, ನೀರಿನೊಳಗೆ ಅದು ಮುಳುಗುವ ಆಳ, ಉಬ್ಬರದ ವೇಳೆ ಇವುಗಳನ್ನು ನೋಡಿ ಸ್ಥಳವನ್ನು ನಿಶ್ಚಯಿಸುವನಷ್ಟೆ. ಆ ಹಡಗಿಗೆ 1,200 ಕಂಟೇನರುಗಳ ಇಳಿಸುವ ಏರಿಸುವ ಕೆಲಸವಿದ್ದು, ಗಂಟೆಗೆ 25ನ್ನು ಎತ್ತಬಲ್ಲ ಎರಡು ಕ್ರೇನುಗಳು ದೊರೆತರೆ 24 ಗಂಟೆಗಳಲ್ಲಿ ಕಾರ್ಯ ಮುಗಿಯಬೇಕು. ಅದನ್ನೇ ನಂಬಿ ಅವನು ಮುಂದಿನ ಹಡಗಿಗೆ ವೇಳೆಯನ್ನು ಕೊಟ್ಟಿರುತ್ತಾನೆ.

ಆದರೆ ಯಾರ್ಡು ತುಂಬುತ್ತ ಬಂದಂತೆ ಕಂಟೇನರುಗಳನ್ನು ಒಂದರ ಮೇಲೊಂದು ಎತ್ತರಕ್ಕೆ ಪೇರಿಸದೆ ಗತ್ಯಂತರವಿಲ್ಲ. ಯಾವ ಲಾರಿ ಯಾವಾಗ ಬಂದೀತೆಂಬುದು ಮೊದಲೇ ತಿಳಿಯದಿರುವಲ್ಲಿ, ಎರಡರ ರಾಶಿಯಿಂದ ಬೇಕಾದುದನ್ನು ತೆಗೆಯಲು ಸರಾಸರಿ ಅರ್ಧ ಕಂಟೇನರನ್ನು ಸರಿಸಬೇಕಾದರೆ, ನಾಲ್ಕರ ರಾಶಿಯಲ್ಲಿ ಒಂದೂವರೆಯನ್ನು ಸರಿಸಬೇಕು: ಎತ್ತರ ಇಮ್ಮಡಿಯಾದರೆ ವ್ಯರ್ಥಶ್ರಮ ಮುಮ್ಮಡಿ! ಯಾರ್ಡಿನ ಕ್ರೇನು ಈ ಸರಿಸುವ ಕೆಲಸದಲ್ಲಿ ತೊಡಗಿರಲು ಟ್ರೇಲರುಗಳು ಅಲ್ಲಿಯೇ ಸಾಲುಗಟ್ಟುತ್ತವೆ. ಧಕ್ಕೆಯ ಕ್ರೇನು ಕೆಳಗೆ ಟ್ರೇಲರಿಲ್ಲದೆ ಕಂಟೇನರನ್ನು ತೂಗಿಸಿಕೊಂಡು ನಿಲ್ಲುತ್ತದೆ. ರೋಗವನ್ನು ಗುರುತಿಸುವ ಲಕ್ಷಣವೂ ಇದೇ: ಕ್ರೇನು ಕೆಟ್ಟಿಲ್ಲ, ಕಾಯುತ್ತಿದೆ. ಗಂಟೆಯ ಗತಿ 25ರಿಂದ 18ಕ್ಕೆ ಇಳಿದರೆ 24 ಗಂಟೆಗಳ ಕೆಲಸ 33 ಗಂಟೆಗಳನ್ನು ಮೀರುತ್ತದೆ. ಆಗ ಮತ್ತೊಂದು ಕ್ರೇನನ್ನು ತಂದಿಟ್ಟರೆ, ಕಾಯುವ ಯಂತ್ರ ಇನ್ನೊಂದು ಹೆಚ್ಚಿದಂತಾಗುವುದೇ ಹೊರತು ಬೇರೆ ಫಲವಿಲ್ಲ.

2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲಾಸ್ ಏಂಜಲಿಸ್ ಮತ್ತು ಲಾಂಗ್ ಬೀಚ್ ಬಂದರುಗಳೆದುರು 70ಕ್ಕೂ ಮಿಕ್ಕ ಕಂಟೇನರು ಹಡಗುಗಳು ಕಾದು ನಿಂತಿದ್ದುವು. ಒಳನಾಡಿನ ಗೋದಾಮುಗಳು ತುಂಬಿದ್ದುದರಿಂದ ಮಾಲನ್ನು ಒಯ್ಯುವವರಿಲ್ಲದೆ ಯಾರ್ಡುಗಳು ಉಸಿರುಗಟ್ಟಿದ್ದುವು. ಲಾರಿಯಲ್ಲಿ ಸಾಗಬೇಕಾದ ಕಂಟೇನರು ಒಂಬತ್ತು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿದರೆ 100 ಡಾಲರು, ಮುಂದೆ ದಿನದಿನಕ್ಕೆ ಮತ್ತೆ 100 ಡಾಲರಿನಂತೆ ಏರುವ ಶುಲ್ಕವನ್ನು ಅಕ್ಟೋಬರಿನಲ್ಲಿ ಆ ಬಂದರುಗಳು ಘೋಷಿಸಿದುವು. ವಸೂಲಿಯನ್ನು ಪದೇ ಪದೇ ಮುಂದೂಡಿ ಕಡೆಗೆ ಕೈಬಿಟ್ಟರು. ಆದರೂ ಬಹುಕಾಲ ಬಿದ್ದಿದ್ದ ಕಂಟೇನರುಗಳ ಸಂಖ್ಯೆ ಇಳಿಯಿತು. ಬೆದರಿಕೆಯೊಂದರಿಂದಲೇ ಹೀಗಾಯಿತೆನ್ನುವುದು ಅತಿಶಯೋಕ್ತಿ. ಆದರೆ ಮದ್ದನ್ನು ಯಾರ್ಡಿಗೆ ಕೊಟ್ಟುದು ಸರಿಯಾದ ಎಣಿಕೆಯೇ.

ಅದೇ ವರ್ಷದ ನವೆಂಬರಿನಲ್ಲಿ ಹಡಗಿನ ಸರದಿಯನ್ನು, ಅದು ಹಿಂದಿನ ಬಂದರನ್ನು ಬಿಟ್ಟ ಹೊತ್ತಿನ ಆಧಾರದಿಂದ ನಿರ್ಣಯಿಸುವ ಪದ್ಧತಿ ಬಂದುದರಿಂದ, ಹಡಗುಗಳು ದೂರದ ಸಾಗರದಲ್ಲಿಯೇ ನಿಧಾನಿಸಿದುವು. ತೀರದ ಸಾಲು ತೆಳುವಾಯಿತು, ಕಾಯುವಿಕೆಯೇನೂ ಕರಗಲಿಲ್ಲ. ಆದಕಾರಣ, ಹಡಗೊಂದು ಬಂದು ಹಿಂದಿರುಗುವ ಅವಧಿಯ ಅಂಕಿಯನ್ನು ಓದುವ ವಿದ್ಯಾರ್ಥಿಯು, ಗಡಿಯಾರ ಓಡತೊಡಗಿದುದು ಹಗ್ಗ ಕಟ್ಟಿದ ಕ್ಷಣದಿಂದಲೋ, ಲಂಗರು ಹಾಕಿದ ಕ್ಷಣದಿಂದಲೋ, ನಡುಗಡಲಿನಲ್ಲಿ ವೇಗ ತಗ್ಗಿಸಿದ ಕ್ಷಣದಿಂದಲೋ ಎಂಬುದನ್ನು ಮೊದಲು ವಿಚಾರಿಸಬೇಕು.