ಮುಂದಿರುವ ಉಪಗ್ರಹ ಹಿಡಿಯಬೇಕೇ? ಬ್ರೇಕ್ ಹಾಕಿ!

ಡೊಂಬಿವಲಿಯಿಂದ ಹೊರಟ ಲೋಕಲ್ ರೈಲು ಮುಂದಿನ ರೈಲನ್ನು ಸಮೀಪಿಸಬೇಕಾದರೆ ವೇಗ ಹೆಚ್ಚಿಸಿದರೆ ಸಾಕು. ಬಾಹ್ಯಾಕಾಶದಲ್ಲಿ ಈ ಲೆಕ್ಕ ಉಲ್ಟಾ.

2024ರ ಡಿಸೆಂಬರ್ 30ರಂದು ಇಸ್ರೋ ಹಾರಿಸಿದ ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳು ಸುಮಾರು 475 ಕಿ.ಮೀ. ಎತ್ತರದಲ್ಲಿದ್ದವು. ಅಲ್ಲಿನ ವೇಗ ಸೆಕೆಂಡಿಗೆ 7.6 ಕಿ.ಮೀ., ಒಂದು ಸುತ್ತಿಗೆ ಸುಮಾರು 94 ನಿಮಿಷ.

ಇಂತಹ ಕಕ್ಷೆಯಲ್ಲಿ ಗುರಿ 17 ಕಿ.ಮೀ. ಮುಂದಿದೆ ಎನ್ನಿ. ಚೇಸರ್ ಮುಂದಕ್ಕೆ ತಳ್ಳಿಕೊಂಡರೆ ಅದರ ಕಕ್ಷೆ ದೊಡ್ಡದಾಗಿ, ಒಂದು ಸುತ್ತಿಗೆ ಹೆಚ್ಚು ಸಮಯ ಬೇಕಾಗುತ್ತದೆ. ಹತ್ತಿರವಾಗುವ ಬದಲು ಅದು ಹಿಂದೆ ಬೀಳುತ್ತದೆ. ಬದಲಿಗೆ ವೇಗವನ್ನು ಸೆಕೆಂಡಿಗೆ ಕೇವಲ 1 ಮೀಟರ್ ತಗ್ಗಿಸಿದರೆ, ಭೂಮಿಯ ಆಚೆ ಬದಿಗೆ ಹೋಗುವಷ್ಟರಲ್ಲಿ ಅದು ಸುಮಾರು 3.6 ಕಿ.ಮೀ. ಕೆಳಗಿಳಿದಿರುತ್ತದೆ. ಕಕ್ಷೆ ಚಿಕ್ಕದಾದ್ದರಿಂದ ಸುತ್ತು ಬೇಗ ಮುಗಿದು, ಆ 17 ಕಿ.ಮೀ. ಅಂತರ ಒಂದೇ ಸುತ್ತಿನಲ್ಲಿ ಕರಗುತ್ತದೆ. ಹೊರಟ ಬಿಂದುವಿಗೆ ಮರಳಿದಾಗ ಕಳೆದುಕೊಂಡ 1 ಮೀಟರ್ ವೇಗವನ್ನು ಮತ್ತೆ ತುಂಬಲೇಬೇಕು. ಮರೆತರೆ ಮುಂದಿನ ಸುತ್ತಿನಲ್ಲಿ ಗುರಿಯನ್ನೇ ದಾಟಿ ಹೋಗುತ್ತದೆ.

ಕೊನೆಯ ಕೆಲವು ನೂರು ಮೀಟರ್‌ಗಳಲ್ಲಿ ಮಾತ್ರ ನೇರವಾಗಿ ಸಾಗಬಹುದು. ಆಗಲೂ ಕಕ್ಷೆ ಪಕ್ಕಕ್ಕೆಳೆಯುವುದನ್ನು ಥ್ರಸ್ಟರ್‌ಗಳು ಸರಿಪಡಿಸುತ್ತಲೇ ಇರಬೇಕು. ಅಂತರವನ್ನು 225 ಮೀಟರ್‌ಗೆ ತರುವಾಗ ಉಪಗ್ರಹಗಳು ನಿರೀಕ್ಷೆಗಿಂತ ಹೆಚ್ಚು ಸರಿದದ್ದರಿಂದ ಜನವರಿ 9ರ ಡಾಕಿಂಗ್ ಮುಂದೂಡಲಾಯಿತು. ಜನವರಿ 12ರಂದು 3 ಮೀಟರ್ ಹತ್ತಿರ ತಂದು, ದತ್ತಾಂಶ ಪರಿಶೀಲಿಸಲೆಂದು ಮತ್ತೆ ಹಿಂದಕ್ಕೆ ಸರಿಸಿದರು. ಕೊನೆಗೆ 2025ರ ಜನವರಿ 16ರಂದು ಎರಡೂ ಬೆಸೆದುಕೊಂಡವು.